ಸೋಲಾರ್ ಶೀಟ್‌ನಲ್ಲಿ ರಾತ್ರಿ ಎಲ್ಲಿ ಹೋಯ್ತು?

ದಾವಣಗೆರೆಯಲ್ಲಿರುವ ನಮ್ಮ ಚಿಕ್ಕಪ್ಪನ ಮನೆ ತಾರಸಿಗೆ ಸೋಲಾರ್ ಹಾಕಿಸುವ ಮಾತು ಈ ವರ್ಷದ ಶುರುವಿನಲ್ಲಿ ಬಂತು. ಮಾರಾಟದವರು ಕೊಟ್ಟ ಕೊಟೇಶನ್ ಜೊತೆ ಒಂದು ಎಕ್ಸೆಲ್ ಫೈಲೂ ಇತ್ತು. "ನೀನು ಕಂಪ್ಯೂಟರ್‌ನೋಳು, ಒಂದ್ಸಲ ನೋಡಮ್ಮಾ" ಅಂತ ಚಿಕ್ಕಪ್ಪ ಅದನ್ನ ನನಗೆ ವಾಟ್ಸಾಪ್ ಮಾಡಿದ್ರು. 3 ಕಿಲೋವ್ಯಾಟ್‌ನ ಸಿಸ್ಟಮ್, ಬೆಲೆ 1.95 ಲಕ್ಷ. ಪಿಎಂ ಸೂರ್ಯಘರ್ ಯೋಜನೆಯ ಸಬ್ಸಿಡಿ 78,000 ಕಳೆದರೆ ಕೈಯಿಂದ ಹಾಕಬೇಕಾದದ್ದು 1.17 ಲಕ್ಷ. ತಿಂಗಳಿಗೆ ಸುಮಾರು 709 ಯೂನಿಟ್ ಕರೆಂಟ್ ಬರುತ್ತೆ ಅಂತ ಕೊನೆಯ ಸಾಲಲ್ಲಿ ದಪ್ಪ ಅಕ್ಷರದಲ್ಲಿ ಬರೆದಿತ್ತು.

ಮನೆಯಲ್ಲಿ ಕೆಳಗೆ, ಮೇಲೆ ಸೇರಿ ತಿಂಗಳಿಗೆ ಖರ್ಚಾಗೋದು 330 ಯೂನಿಟ್. ಗೃಹಜ್ಯೋತಿಯ 200 ಯೂನಿಟ್ ಮಿತಿಯನ್ನು ಈ ಮನೆ ಯಾವಾಗಲೂ ದಾಟುತ್ತೆ, ಹಾಗಾಗಿ ಬಿಲ್ ಪೂರ್ತಿ ಕಟ್ಟಬೇಕು. 709 ಬಂದರೆ 380ರ ಹತ್ತಿರ ಯೂನಿಟ್ ಮಿಗುತ್ತೆ, ಅದನ್ನ ಗ್ರಿಡ್‌ಗೆ ಮಾರಿ ಆ ದುಡ್ಡಲ್ಲೇ ಸಾಲದ ಕಂತು ತುಂಬಬಹುದು, ಮೂರೇ ವರ್ಷದಲ್ಲಿ ತೀರಿಸಿಬಿಡಿ ಅನ್ನೋದು ಅವರ ಸಲಹೆ. ಚಿಕ್ಕಪ್ಪ ರಿಟೈರ್ ಆದ ಮೇಷ್ಟ್ರು. ಆ 380 ಯೂನಿಟ್ ನಿಜವಾಗ್ಲೂ ಮಿಗದೇ ಹೋದರೆ ಕಂತು ಹೋಗೋದು ಪೆನ್ಷನ್‌ನಿಂದ. ಹಾಗಾಗಿ 709 ಅನ್ನೋ ಸಂಖ್ಯೆ ಎಲ್ಲಿಂದ ಬಂತು ಅಂತ ನೋಡಲೇಬೇಕಿತ್ತು.

ಫೈಲ್‌ನಲ್ಲಿ ಒಂದು ವರ್ಷದ ಪ್ರತಿ ಗಂಟೆಯ ಬಿಸಿಲಿನ ಅಂಕಿ ಇತ್ತು. ಕಾಲಂ ಹೆಸರು `GHI_Wm2`, ಅಂದ್ರೆ ಸಮತಟ್ಟಾದ ಒಂದು ಚದರ ಮೀಟರ್ ಜಾಗದ ಮೇಲೆ ಎಷ್ಟು ವ್ಯಾಟ್ ಬಿಸಿಲು ಬೀಳ್ತಿದೆ ಅನ್ನೋದು. ಕೊನೆಯಲ್ಲಿ ಅದರ ಸರಾಸರಿ 436 ವ್ಯಾಟ್. ಅದನ್ನ 24ರಿಂದ ಗುಣಿಸಿ 1000ದಿಂದ ಭಾಗಿಸಿ, ದಿನಕ್ಕೆ ಚದರ ಮೀಟರ್‌ಗೆ 10.5 ಯೂನಿಟ್ ಬಿಸಿಲು ಅಂತ ತೆಗೆದಿದ್ರು. ಮುಂದಿನ ಲೆಕ್ಕವೆಲ್ಲ ಈ 10.5ರ ಮೇಲೆ ನಿಂತಿತ್ತು. ಇಲ್ಲಿ ಸೂತ್ರದಲ್ಲಿ ತಪ್ಪಿಲ್ಲ. ಆದರೂ ಉತ್ತರ ಹತ್ತಿರ ಹತ್ತಿರ ಎರಡು ಪಟ್ಟು ಆಗಿದೆ.

ಹೇಗೆ ಅಂತ ನೋಡೋಕೆ ಮೊದಲು ಈ ಎರಡು ಅಳತೆಗಳು ಬೇರೆ ಬೇರೆ ಅನ್ನೋದು ತಲೇಲಿರಬೇಕು. ಚಿಕ್ಕಪ್ಪನಿಗೆ ನಾನು ಹೇಳಿದ್ದು ನಲ್ಲಿ ಮತ್ತು ಸಂಪಿನ ಲೆಕ್ಕ. ನಲ್ಲಿಯಲ್ಲಿ ನಿಮಿಷಕ್ಕೆ ಇಷ್ಟು ಲೀಟರ್ ನೀರು ಬರ್ತಿದೆ ಅನ್ನೋದು ವೇಗ. ಸಂಪಿನಲ್ಲಿ ಒಟ್ಟು ಇಷ್ಟು ಲೀಟರ್ ತುಂಬಿದೆ ಅನ್ನೋದು ಮೊತ್ತ. ಚದರ ಮೀಟರ್‌ಗೆ ಇಷ್ಟು ವ್ಯಾಟ್ ಅನ್ನೋದು ನಲ್ಲಿಯ ವೇಗದ ಹಾಗೆ, ಈ ಕ್ಷಣ ಬಿಸಿಲು ಎಷ್ಟು ಜೋರಾಗಿ ಬೀಳ್ತಿದೆ ಅಂತ ಹೇಳುತ್ತೆ. ದಿನಕ್ಕೆ ಚದರ ಮೀಟರ್‌ಗೆ ಇಷ್ಟು ಕಿಲೋವ್ಯಾಟ್-ಗಂಟೆ ಅನ್ನೋದು ಸಂಪಿನ ಹಾಗೆ, ಬೆಳಗ್ಗೆಯಿಂದ ಸಂಜೆವರೆಗೆ ಒಟ್ಟು ಎಷ್ಟು ಬಿತ್ತು ಅಂತ ಹೇಳುತ್ತೆ. ಕರೆಂಟ್ ಬಿಲ್‌ನಲ್ಲಿ ನಾವು ಯೂನಿಟ್ ಅನ್ನೋದು ಇದೇ ಕಿಲೋವ್ಯಾಟ್-ಗಂಟೆಯನ್ನೇ.

ವೇಗದಿಂದ ಮೊತ್ತಕ್ಕೆ ಹೋಗಬೇಕಾದ್ರೆ ಆ ವೇಗ ಎಷ್ಟು ಹೊತ್ತು ಇತ್ತು ಅನ್ನೋದು ಗೊತ್ತಿರಬೇಕು. ನಮ್ಮೂರ ಕಡೆ ನಲ್ಲಿ ನೀರು ದಿನವಿಡೀ ಬರಲ್ಲ ಅಂತ ಎಲ್ರಿಗೂ ಗೊತ್ತು. ಬಂದಾಗ ನಿಮಿಷಕ್ಕೆ 10 ಲೀಟರ್ ಬಂತು ಅಂತ ಅದನ್ನ 24 ಗಂಟೆಗೆ ಗುಣಿಸಿ, ಸಂಪಿನಲ್ಲಿ 14,400 ಲೀಟರ್ ಇದೆ ಅಂತ ಯಾರೂ ನಂಬಲ್ಲ. ಬಿಸಿಲಿನ ವಿಷಯದಲ್ಲಿ ಅದೇ ಲೆಕ್ಕ ಎಕ್ಸೆಲ್ ಶೀಟ್ ಒಳಗೆ ಕೂತರೆ ಮಾತ್ರ ನಂಬಿಬಿಡ್ತೀವಿ.

ಒಂದೇ ದಿನ ತಗೊಂಡು ಮಾಡಿ ನೋಡೋಣ. ಫೆಬ್ರವರಿಯಲ್ಲಿ ಮೋಡವಿಲ್ಲದ ಒಂದು ದಿನ ಅಂದ್ಕೊಳ್ಳಿ. ಬೆಳಗ್ಗೆ 6ರಿಂದ 7ರ ಗಂಟೆ ಮೊದಲ್ಗೊಂಡು ಸಂಜೆ 6ರಿಂದ 7ರ ಗಂಟೆವರೆಗೆ, 13 ಗಂಟೆಗಳ ಸರಾಸರಿ ವ್ಯಾಟ್ ಹೀಗಿರಬಹುದು: 10, 150, 360, 570, 740, 860, 910, 890, 790, 620, 410, 180, 20. ಉಳಿದ 11 ಗಂಟೆ ರಾತ್ರಿ, ಅಲ್ಲಿ ಸೊನ್ನೆ. ಅತಿ ಜೋರು ಬಿಸಿಲು 12ರಿಂದ 1ರ ಗಂಟೆಯಲ್ಲಿದೆ, ಆದ್ರೆ ಮಧ್ಯಾಹ್ನದ ಅಂಕಿಗಳು ಬೆಳಗಿನವಕ್ಕಿಂತ ಸ್ವಲ್ಪ ಹೆಚ್ಚಿವೆ. ನಮ್ಮ ಗಡಿಯಾರ ನಡೆಯೋದು ಪೂರ್ವಕ್ಕಿರುವ 82.5 ಡಿಗ್ರಿ ರೇಖಾಂಶದ ಪ್ರಕಾರ. ಹಾಗಾಗಿ ದಾವಣಗೆರೆಯಲ್ಲಿ ಫೆಬ್ರವರಿಯ ಸೂರ್ಯ ನೆತ್ತಿಗೆ ಬರೋದು ಸುಮಾರು 12.40ಕ್ಕೆ.

ಒಂದು ಗಂಟೆ ಕಾಲ ಸರಾಸರಿ 570 ವ್ಯಾಟ್ ಬಿದ್ದರೆ ಆ ಗಂಟೆಯಲ್ಲಿ ಸೇರಿದ್ದು 570 ವ್ಯಾಟ್-ಗಂಟೆ. ಆದ್ದರಿಂದ ಗಂಟೆಯ ಅಂಕಿಗಳನ್ನು ಸುಮ್ಮನೆ ಕೂಡಿದರೆ ಸಾಕು, ದಿನದ ಮೊತ್ತ ಸಿಗುತ್ತೆ. ಮೇಲಿನ ಹದಿಮೂರನ್ನೂ ಕೂಡಿದರೆ 6,510. ಸಾವಿರದಿಂದ ಭಾಗಿಸಿದರೆ 6.51 ಕಿಲೋವ್ಯಾಟ್-ಗಂಟೆ. ಆ ದಿನ ಒಂದು ಚದರ ಮೀಟರ್ ಮೇಲೆ ಬಿದ್ದ ಬಿಸಿಲು ಇಷ್ಟೇ.

ಇದನ್ನೇ ಸರಾಸರಿ ಮೂಲಕ ಮಾಡಿದ್ರೂ ಅದೇ ಉತ್ತರ ಬರಬೇಕು. 6,510ನ್ನು 24ರಿಂದ ಭಾಗಿಸಿದರೆ 271.25 ವ್ಯಾಟ್. ಅದನ್ನ ಮತ್ತೆ 24ರಿಂದ ಗುಣಿಸಿ 1000ದಿಂದ ಭಾಗಿಸಿದರೆ 6.51. ಈಗ ಬೆಳಕಿದ್ದ 13 ಗಂಟೆಗಳ ಸರಾಸರಿ ತೆಗೀರಿ. 6,510 ಭಾಗಿಸು 13, ಸುಮಾರು 501 ವ್ಯಾಟ್. ಇದೂ ಸರಿಯಾದ ಸರಾಸರಿಯೇ, ಆದ್ರೆ ಇದನ್ನ ಗುಣಿಸಬೇಕಾದದ್ದು 13ರಿಂದ. ಅದರ ಬದಲು 24ರಿಂದ ಗುಣಿಸಿದರೆ 12.02 ಬರುತ್ತೆ. ರಾತ್ರಿ 11 ಗಂಟೆಯೂ ಹಗಲಿನ ಸರಾಸರಿ ಬಿಸಿಲೇ ಬೀಳ್ತಿತ್ತು ಅಂತ ಒಪ್ಪಿಕೊಂಡ ಹಾಗಾಯ್ತು.

ಚಿಕ್ಕಪ್ಪನ ಫೈಲ್‌ನಲ್ಲಿ ಆಗಿದ್ದೂ ಇದೇ. ಶೀಟ್ ಚೆನ್ನಾಗಿ ಕಾಣಲಿ ಅಂತಲೋ ಏನೋ, ರಾತ್ರಿಯ ಸೊನ್ನೆಗಳನ್ನೆಲ್ಲ ಅಳಿಸಿ ಕೋಶಗಳನ್ನು ಖಾಲಿ ಬಿಟ್ಟಿದ್ರು. ಎಕ್ಸೆಲ್‌ನ `AVERAGE` ಸೊನ್ನೆ ಇರುವ ಕೋಶವನ್ನು ಲೆಕ್ಕಕ್ಕೆ ಹಿಡಿಯುತ್ತೆ, ಖಾಲಿ ಕೋಶವನ್ನು ಬಿಟ್ಟುಬಿಡುತ್ತೆ. ನೋಡೋಕೆ ಎರಡಕ್ಕೂ ವ್ಯತ್ಯಾಸ ಅನ್ನಿಸಲ್ಲ, ಆದ್ರೆ ಭಾಜಕ ಬದಲಾಗುತ್ತೆ. ಅದನ್ನ ಪತ್ತೆ ಹಚ್ಚೋಕೆ ಎರಡು ಸಾಲು ಸಾಕಾಯ್ತು:

```
=COUNT(B2:B8761)
=SUM(B2:B8761)/365/1000
```

ಒಂದು ವರ್ಷಕ್ಕೆ 8,760 ಗಂಟೆ. `COUNT` ಕೊಟ್ಟಿದ್ದು ಸುಮಾರು 4,600. ಉಳಿದ ನಾಲ್ಕು ಸಾವಿರದಷ್ಟು ಸಾಲು ರಾತ್ರಿ, ಅವು ಸರಾಸರಿಯಿಂದ ಮಾಯವಾಗಿದ್ವು. ಎರಡನೇ ಸಾಲು ಮೊತ್ತವನ್ನೇ ನೇರವಾಗಿ ತಗೊಂಡು ದಿನಗಳಿಂದ ಭಾಗಿಸುತ್ತೆ, ಹಾಗಾಗಿ ಕೋಶ ಖಾಲಿ ಇದ್ದರೂ ಸೊನ್ನೆ ಇದ್ದರೂ ಉತ್ತರ ಒಂದೇ. ಬಂದಿದ್ದು 5.5. ಹಿಂದಕ್ಕೆ ಹೋಗಿ ನೋಡಿದ್ರೂ ಹೊಂದುತ್ತೆ: ರಾತ್ರಿಯೂ ಸೇರಿದ ಸರಾಸರಿ 229 ವ್ಯಾಟ್, ಅದನ್ನ 24ರಿಂದ ಗುಣಿಸಿ ಸಾವಿರದಿಂದ ಭಾಗಿಸಿದ್ರೆ ಅದೇ 5.5.

ನಾನು ಫೋನ್ ಮಾಡಿದಾಗ ಮಾರಾಟದ ಹುಡುಗ ಪಾಪ, "ಮೇಡಂ, ಫಾರ್ಮುಲಾ ಕರೆಕ್ಟಾಗೇ ಇದೆ, ಯಾರು ಬೇಕಾದ್ರೂ ಚೆಕ್ ಮಾಡ್ಬಹುದು" ಅಂದ. ಅದು ನಿಜವೇ. 24ರಿಂದ ಗುಣಿಸಿ 1000ದಿಂದ ಭಾಗಿಸೋದು ಸರಿಯಾದ ದಾರಿ, ಆದ್ರೆ ಆ ಸರಾಸರಿ ಇಡೀ 24 ಗಂಟೆಯದ್ದಾಗಿದ್ದರೆ ಮಾತ್ರ. ಸೂತ್ರ ತನಗೆ ಕೊಟ್ಟ ಸರಾಸರಿ ಯಾವ ಗಂಟೆಗಳದ್ದು ಅಂತ ಕೇಳಲ್ಲ.

ಫೈಲ್ ತೆರೆಯದೆಯೂ 10.5 ಸರಿಯಿಲ್ಲ ಅಂತ ಹೇಳಬಹುದಿತ್ತು. ವಾತಾವರಣದ ಹೊರಗೆ, ಸೂರ್ಯನಿಗೆ ನೇರವಾಗಿ ಹಿಡಿದ ಒಂದು ಚದರ ಮೀಟರ್ ಮೇಲೆ ಬೀಳೋದು ಸುಮಾರು 1361 ವ್ಯಾಟ್. ದಾವಣಗೆರೆಯ ಅಕ್ಷಾಂಶದಲ್ಲಿ ಭೂಮಿಗೆ ವಾತಾವರಣವೇ ಇಲ್ಲ, ಮೋಡ ಧೂಳು ಯಾವುದೂ ಇಲ್ಲ ಅಂದ್ಕೊಂಡು ಸಮತಟ್ಟು ನೆಲದ ಲೆಕ್ಕ ಹಾಕಿದ್ರೂ ವರ್ಷದ ಸರಾಸರಿ ದಿನಕ್ಕೆ 10 ಯೂನಿಟ್‌ನ ಒಳಗೇ ಇರುತ್ತೆ. ಅತಿ ಹೆಚ್ಚು ಬರುವ ಏಪ್ರಿಲ್-ಮೇ ತಿಂಗಳಲ್ಲೂ ಅದು 11 ಮುಟ್ಟಲ್ಲ. ಗಾಳಿ, ಮೋಡ ದಾಟಿ ನಮ್ಮ ತಾರಸಿಗೆ ಬರುವ ಬಿಸಿಲು ಅದಕ್ಕಿಂತ ಹೆಚ್ಚಿರೋಕೆ ಸಾಧ್ಯವೇ ಇಲ್ಲ. ಕರ್ನಾಟಕದ ಊರಿಗೆ ವರ್ಷದ ಸರಾಸರಿ ಐದರಿಂದ ಆರರ ಆಸುಪಾಸು ಬಂದರೆ ಮುಂದೆ ಹೋಗಬಹುದು. ಹತ್ತು ದಾಟಿದರೆ ರಾತ್ರಿ ತಪ್ಪಿಹೋಗಿದೆ. 0.23ರಂತಹ ಸಂಖ್ಯೆ ಬಂದರೆ 24ರಿಂದ ಗುಣಿಸೋದನ್ನೇ ಬಿಟ್ಟಿದ್ದಾರೆ.

ಒಂದು ವೇಳೆ ಸಂಖ್ಯೆ 20ರ ಹತ್ತಿರ ಬಂದರೆ ಅದು ಬೇರೆ ಕಥೆ. ಕೆಲವು ಡೇಟಾ, ಅದರಲ್ಲೂ ಕೃಷಿಗೆ ಬಳಸೋದು, ಮೆಗಾಜೌಲ್‌ನಲ್ಲಿರುತ್ತೆ. ಒಂದು ಯೂನಿಟ್ ಅಂದ್ರೆ 3.6 ಮೆಗಾಜೌಲ್. ಹಾಗಾಗಿ 19.8 ಮೆಗಾಜೌಲ್ ಅಂದ್ರೂ ನಮ್ಮ 5.5 ಯೂನಿಟ್ಟೇ. ಗಂಟೆಯ ಬದಲು 15 ನಿಮಿಷಕ್ಕೊಂದು ಅಂಕಿ ಇರುವ ಫೈಲ್ ಆಗಿದ್ರೆ ಎಲ್ಲ ಕೂಡಿದ ಮೇಲೆ 4ರಿಂದ ಭಾಗಿಸಬೇಕು, ಯಾಕಂದ್ರೆ ಪ್ರತಿ ಅಂಕಿ ಇದ್ದದ್ದು ಕಾಲು ಗಂಟೆ ಮಾತ್ರ. ನಾಸಾದ ಪವರ್ ಡೇಟಾದಲ್ಲಿ ಅಳತೆ ಸಿಗದ ಕಡೆ `-999` ಅಂತ ಇರುತ್ತೆ. ಅದನ್ನ ತೆಗೆಯದೆ ಕೂಡಿದ್ರೆ ಆ ದಿನದ ಬಿಸಿಲು ಮೈನಸ್‌ಗೆ ಇಳಿಯುತ್ತೆ. ಅದು ಕಣ್ಣಿಗೆ ಬೀಳುವ ತಪ್ಪು, ಖಾಲಿ ಕೋಶದಷ್ಟು ಮೋಸ ಮಾಡಲ್ಲ.

ಸರಿ, 5.5 ಸಿಕ್ತು. ಇದರಿಂದ ಮನೆಗೆ ಎಷ್ಟು ಯೂನಿಟ್ ಬರುತ್ತೆ? ಪ್ಯಾನೆಲ್ ಮೇಲೆ 3 ಕಿಲೋವ್ಯಾಟ್ ಅಂತ ಬರೆಯೋದು, ಚದರ ಮೀಟರ್‌ಗೆ 1000 ವ್ಯಾಟ್ ಬಿಸಿಲು ಬಿದ್ದು, ಪ್ಯಾನೆಲ್ 25 ಡಿಗ್ರಿಯಲ್ಲಿದ್ದಾಗ ಅದು ಕೊಡುವ ಶಕ್ತಿ. ಹಾಗಾಗಿ ದಿನಕ್ಕೆ 5.5 ಯೂನಿಟ್ ಬಿಸಿಲು ಅಂದ್ರೆ, ಆ 1000 ವ್ಯಾಟ್‌ನ ಜೋರು ಬಿಸಿಲು ಐದೂವರೆ ಗಂಟೆ ಬಿದ್ದದ್ದಕ್ಕೆ ಸಮ ಅಂತ ಓದಿಕೊಳ್ಳಬಹುದು. 10.5 ಅಂದ್ರೆ ನಡುಮಧ್ಯಾಹ್ನದ ಬಿಸಿಲು ಬೆಳಗ್ಗೆ ಏಳೂವರೆಯಿಂದ ಸಂಜೆ ಆರರವರೆಗೆ ಒಂದೇ ಸಮ ನಿಂತ ಹಾಗೆ. ಈ ರೀತಿ ಹೇಳಿದ ಮೇಲೆ ಚಿಕ್ಕಪ್ಪನೇ ನಕ್ಕರು, "ಏಪ್ರಿಲ್‌ನಲ್ಲೂ ಹಂಗೆ ಸುಡಲ್ಲ ಬಿಡು."

3 ಕಿಲೋವ್ಯಾಟ್ ಗುಣಿಸು 5.5 ಅಂದ್ರೆ 16.5 ಯೂನಿಟ್. ಇದೂ ಪೂರ್ತಿ ಮನೆಗೆ ಬರಲ್ಲ. ತಾರಸಿ ಮೇಲಿನ ಪ್ಯಾನೆಲ್ ಮಧ್ಯಾಹ್ನ 60 ಡಿಗ್ರಿವರೆಗೂ ಕಾಯುತ್ತೆ. ಸಿಲಿಕಾನ್ ಪ್ಯಾನೆಲ್ 25ಕ್ಕಿಂತ ಮೇಲೆ ಒಂದೊಂದು ಡಿಗ್ರಿಗೂ ಸುಮಾರು ಶೇ 0.35ರಷ್ಟು ಶಕ್ತಿ ಕಳೆದುಕೊಳ್ಳುತ್ತೆ, ಅಂದ್ರೆ ಆ ಹೊತ್ತಿಗೆ ಶೇ 12ರಷ್ಟು ಬಿಸಿಗೇ ಹೋಯ್ತು. ಧೂಳು, ಇನ್ವರ್ಟರ್, ವೈರ್ ಎಲ್ಲ ಸೇರಿ ಇನ್ನಷ್ಟು. ಮಾರಾಟದವರ ಶೀಟ್‌ನಲ್ಲಿ ಇದಕ್ಕೆಲ್ಲ ಒಟ್ಟಾಗಿ 0.75 ಹಿಡಿದಿದ್ರು, ಅದು ನ್ಯಾಯವಾದ ಅಂಕಿಯೇ. ನಾನೂ ಅದನ್ನೇ ಇಟ್ಕೊಂಡೆ. ದಿನಕ್ಕೆ 12.4 ಯೂನಿಟ್, ತಿಂಗಳಿಗೆ 371. ಅವರ 709ಕ್ಕೂ ಇದಕ್ಕೂ ನಡುವಿನ ಅಂತರ ಪೂರ್ತಿ ಆ ಖಾಲಿ ಕೋಶಗಳದ್ದು.

ಮಿಗುವ ಕರೆಂಟ್ 380 ಯೂನಿಟ್ ಇದ್ದದ್ದು 40ಕ್ಕೆ ಇಳೀತು. ವರ್ಷದ ಸರಾಸರಿ ಮಳೆಗಾಲವನ್ನು ಮುಚ್ಚಿಡುತ್ತೆ ಅಂತ ಅದೇ ಫೈಲ್‌ನಿಂದ ತಿಂಗಳುವಾರು ಮೊತ್ತವನ್ನೂ ತೆಗೆದೆ. ಮಾರ್ಚ್‌ನಲ್ಲಿ ದಿನಕ್ಕೆ 6.6, ಜುಲೈನಲ್ಲಿ 4.4. ಅದೇ 0.75 ಹಿಡಿದರೆ ಮಾರ್ಚ್‌ನಲ್ಲಿ 460 ಯೂನಿಟ್, ಜುಲೈನಲ್ಲಿ 307. ಅಂದ್ರೆ ಮಾರ್ಚ್‌ನಲ್ಲಿ ಒಂದಿಷ್ಟು ಮಾರಬಹುದು, ಜುಲೈನಲ್ಲಿ ಮನೆಗೇ ಸಾಲಲ್ಲ.

ಈ ಲೆಕ್ಕಕ್ಕೂ ಒಂದು ಮಿತಿ ಇದೆ. ಫೈಲ್‌ನ ಅಂಕಿ ಸಮತಟ್ಟು ಜಾಗದ್ದು, ಪ್ಯಾನೆಲ್ ದಕ್ಷಿಣಕ್ಕೆ ಸ್ವಲ್ಪ ವಾಲಿರುತ್ತೆ. ನಮ್ಮ ಅಕ್ಷಾಂಶದಲ್ಲಿ ಆ ವಾಲಿಕೆಯಿಂದ ಚಳಿಗಾಲದಲ್ಲಿ ಬಿಸಿಲು ಹೆಚ್ಚು ಸಿಗುತ್ತೆ, ಜೂನ್ ಆಸುಪಾಸು ಸ್ವಲ್ಪ ಕಮ್ಮಿ. ವರ್ಷ ಪೂರ್ತಿ ನೋಡಿದ್ರೆ ವ್ಯತ್ಯಾಸ ಸಣ್ಣದು, ಎರಡು ಪಟ್ಟಂತೂ ಅಲ್ಲ. ಪಕ್ಕದ ಮನೆಯ ನೆರಳು, ತೆಂಗಿನ ಮರದ ನೆರಳು ಮಾತ್ರ ಯಾವ ಫೈಲ್‌ನಲ್ಲೂ ಇರಲ್ಲ, ಅದನ್ನ ತಾರಸಿ ಹತ್ತಿಯೇ ನೋಡಬೇಕು.

ಕಾಗದದ ಲೆಕ್ಕಕ್ಕೆ ಒಂದು ಸಾಕ್ಷಿ ಬೇಕಿತ್ತು. ಅದೇ ಬೀದಿಯಲ್ಲಿ ಇನ್ನೊಬ್ಬರ ಮನೆ ಮೇಲೆ 3 ಕಿಲೋವ್ಯಾಟ್ ಸಿಸ್ಟಮ್ ಆಗಲೇ ಇತ್ತು. ಚಿಕ್ಕಪ್ಪ ಹೋಗಿ ಅವರ ಫೋನ್‌ನಲ್ಲಿ ಇನ್ವರ್ಟರ್ ಆ್ಯಪ್ ತೆಗೆಸಿ ನೋಡ್ಕೊಂಡು ಬಂದ್ರು. ಫೆಬ್ರವರಿಯ 28 ದಿನಕ್ಕೆ 370 ಯೂನಿಟ್. ದಿನಕ್ಕೆ 13.2, ಅಂದ್ರೆ ಒಂದು ಕಿಲೋವ್ಯಾಟ್‌ಗೆ 4.4 ಯೂನಿಟ್. ಒಳ್ಳೆ ಬಿಸಿಲಿನ ತಿಂಗಳಲ್ಲೇ ಇಷ್ಟು. 709ರ ಲೆಕ್ಕ ನಿಜವಾಗಿದ್ರೆ ದಿನಕ್ಕೆ 23ರ ಮೇಲೆ ಕಾಣಿಸಬೇಕಿತ್ತು. ಇಂಥ ಆ್ಯಪ್ ನೋಡುವಾಗ ಒಂದು ಎಚ್ಚರ ಬೇಕು. ಮೇಲೆ ದೊಡ್ಡದಾಗಿ ಕಾಣುವ 2.3 kW ಅನ್ನೋದು ಈ ಕ್ಷಣದ ವೇಗ. ಕೆಳಗೆ ಸಣ್ಣದಾಗಿರುವ 13.2 kWh ಅನ್ನೋದು ದಿನದ ಮೊತ್ತ. ಬಿಲ್‌ನಲ್ಲಿ ಕಳೆಯೋದು ಎರಡನೆಯದು.

ಚಿಕ್ಕಪ್ಪ ಸೋಲಾರ್ ಬೇಡ ಅನ್ನಲಿಲ್ಲ, ಅನ್ನಬೇಕಾಗೂ ಇರಲಿಲ್ಲ. 371 ಯೂನಿಟ್ ಅಂದ್ರೆ ಮನೆಯ ಖರ್ಚು ಹೆಚ್ಚುಕಡಿಮೆ ಪೂರ್ತಿ ತೀರುತ್ತೆ, ತಿಂಗಳಿಗೆ 2,400ರ ಹತ್ತಿರ ಬರ್ತಿದ್ದ ಬಿಲ್‌ನಲ್ಲಿ ಬಹುಪಾಲು ಉಳಿಯುತ್ತೆ. ಬದಲಾಗಿದ್ದು ಸಾಲದ ಅವಧಿ. ಬ್ಯಾಂಕ್‌ನವರು ಹೇಳಿದ ಶೇ 7ರ ಬಡ್ಡಿಗೆ 1.17 ಲಕ್ಷವನ್ನು ಮೂರು ವರ್ಷದಲ್ಲಿ ತೀರಿಸಬೇಕಾದ್ರೆ ಕಂತು 3,600ರಷ್ಟಾಗ್ತಿತ್ತು. ಏಳು ವರ್ಷಕ್ಕೆ ಹಾಕಿದ್ರೆ 1,800ರ ಒಳಗೆ. ಕರೆಂಟ್ ಮಾರಿದ ದುಡ್ಡಿನ ಮೇಲೆ ಕಂತು ನಿಲ್ಲಿಸೋ ಬದಲು, ಉಳಿದ ಬಿಲ್ ದುಡ್ಡಿನ ಮೇಲೆ ನಿಲ್ಲಿಸಿದ್ರು. ಬಡ್ಡಿ ಸ್ವಲ್ಪ ಜಾಸ್ತಿ ಹೋಗುತ್ತೆ ಅಂತ ಚಿಕ್ಕಮ್ಮ ಗೊಣಗಿದ್ದು ನಿಜ, ಆದ್ರೆ ಪೆನ್ಷನ್‌ಗೆ ಕೈ ಹಾಕಬೇಕಿಲ್ಲ ಅಂದಾಗ ಒಪ್ಪಿದ್ರು.

ಮಾರಾಟದವರು ಆಮೇಲೆ ಶೀಟ್ ಸರಿ ಮಾಡಿ ಕಳಿಸಿದ್ರು, ರಾತ್ರಿಯ ಸಾಲುಗಳಲ್ಲಿ ಈಗ ಸೊನ್ನೆ ಇದೆ. ಹೊಸ ಕೊಟೇಶನ್‌ನಲ್ಲಿ ತಿಂಗಳಿಗೆ 371 ಯೂನಿಟ್ ಅಂತಲೇ ಬರೆದಿದ್ದಾರೆ. ನಿಮ್ಮ ಮನೆಗೂ ಇಂಥ ಫೈಲ್ ಬಂದರೆ ಮೊದಲು ಅಂಕಿ ಇರುವ ಸಾಲುಗಳನ್ನು ಎಣಿಸಿ. ವರ್ಷಕ್ಕೆ 8,760 ಇವೆಯಾ ನೋಡಿ, ಇಲ್ಲದಿದ್ರೆ ಸರಾಸರಿಯನ್ನು ಬಿಟ್ಟು ಮೊತ್ತವನ್ನೇ ತೆಗೆದು ದಿನಗಳಿಂದ ಭಾಗಿಸಿ.